ಅಪ್‌ಡೇಟ್: ನಮ್ಮ ರೈಟರ್ ಅಚ್ಚಯ್ಯ ಮತ್ತೆ ಅಚ್ಚಯ್ಯ ಆದ

ಆವತ್ತು ನಾನು ಕೇಳಿದ್ದು: "ಫ್ರೆಂಡ್ ಜೊತೆ ಸರದಿ ಪ್ರಕಾರ ರೋಲ್‌ಪ್ಲೇ ಕಥೆ ಬರೀತಿದ್ದೀವಿ, 140 ಸರದಿ ದಾಟಿದೆ, ನನ್ನ ಪಾತ್ರ ಈಗ ಯಾರ್ಯಾರ ಥರಾನೋ ಮಾತಾಡ್ತಾನೆ, ಏನ್ ಮಾಡ್ಲಿ?"

ಸೋಮವಾರಪೇಟೆ ಕಡೆ ಮಳೆ, ಕರೆಂಟಿಲ್ಲ, ಹಾಗಾಗಿ ಕೂತು ಮೊದಲಿಂದ ಓದ್ದೆ. ನನ್ನ ಪಾತ್ರ ಅಚ್ಚಯ್ಯ ಕಾಫಿ ತೋಟದ ರೈಟರ್, ಅಂದ್ರೆ ಲೆಕ್ಕ ಬರೆಯೋನು, ಶುರುವಲ್ಲಿ ನಾಲ್ಕು ಪದದ ಮೇಲೆ ಮಾತಾಡಲ್ಲ, ಸಾರಿ ಅನ್ನಲ್ಲ, ಬದಲಿಗೆ ಎದುರಿಗಿರೋರಿಗೆ ಕಾಫಿ ತಂದಿಡ್ತಾನೆ. ಅರವತ್ತನೇ ಸರದಿ ಹತ್ರ ಉದ್ದುದ್ದ ಭಾಷಣ ಶುರು. ಕಾರಣ ಗೊತ್ತಾಯ್ತು, ಫ್ರೆಂಡ್ ಪಾತ್ರ ತುಂಬಾ ಮಾತುಗಾರ್ತಿ, ಅವಳ ಸರದಿ ಓದಿದ ತಕ್ಷಣ ಉತ್ತರ ಬರೀತಿದ್ದೆ, ಅವಳ ಲಯ ನನಗೆ ಅಂಟ್ಕೊಂಡಿತ್ತು. ಈಗ ಮೊದಲ ಇಪ್ಪತ್ತು ಸರದಿಯಿಂದ ಅವನದೇ ಐದು ಡೈಲಾಗ್ ಎತ್ತಿಟ್ಕೊಂಡಿದ್ದೀನಿ, ಪ್ರತಿ ಸಲ ಅದನ್ನ ಓದಿ ಆಮೇಲೆ ಬರೀತೀನಿ. ಗುಣಗಳ ಪಟ್ಟಿ ಬರೆದಿಟ್ಟಿದ್ದೆ ಮುಂಚೆ, "ಮಿತಭಾಷಿ, ಹಠಮಾರಿ" ಅಂತ, ಅದರಿಂದ ದನಿ ಬರಲ್ಲ.

ದನಿಗಿಂತ ಅವನು ತಗೊಳ್ಳೋ ನಿರ್ಧಾರಗಳದ್ದು ಇನ್ನೂ ಕಷ್ಟ. ಅಣ್ಣನ್ನ ಆನೆ ತುಳಿದ ಮೇಲೆ ಅವನು ಕತ್ತಲಾದ್ರೆ ತೋಟಕ್ಕಿಳಿಯಲ್ಲ, ಆದ್ರೆ 92ನೇ ಸರದೀಲಿ ಸೀನ್ ಜೋರಾಗ್ಲಿ ಅಂತ ನಾನೇ ಟಾರ್ಚ್ ಹಿಡಿಸಿ ಕಳಿಸ್ಬಿಟ್ಟಿದ್ದೆ! ಅಳಿಸಿದ್ರೆ ಆಮೇಲೆ ಇಬ್ರೂ ಬರೆದ ಸುಮಾರು ಐವತ್ತು ಸರದಿ ಹಾಳು. ಅದಕ್ಕೆ ಅವಳನ್ನ ಕೇಳಿ, ಮುಂದಿನ ಸರದೀಲಿ ಅದರ ಬೆಲೆ ತೆರಿಸಿದೆ, ಅಚ್ಚಯ್ಯ ಮೂರು ರಾತ್ರಿ ನಿದ್ದೆ ಇಲ್ದೆ ಲೆಕ್ಕದ ಪುಸ್ತಕದಲ್ಲಿ ಕೂಲಿ ತಪ್ಪು ಬರೀತಾನೆ, ಅವಳ ಪಾತ್ರ ಅದನ್ನ ಹಿಡಿದು ಯಾಕೆ ಅಂತ ಕೇಳ್ತು. ಅವನು ಹೇಳ್ಲಿಲ್ಲ. ಕಾಫಿ ತಂದಿಟ್ಟ.