ಎಲ್ಲದಕ್ಕೂ ಲಾಕ್ ಹಾಕಿದ್ದೇನೆ, ಆದರೂ ಮೊತ್ತ ತಪ್ಪು ಬರುತ್ತಿದೆ

ಹೊಸಪುಟ: ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಕಲಿಯೋಕೆ ಅಂತ ಸಣ್ಣ ಡೇಟಾಬೇಸ್ ಬರೆಯುತ್ತಿದ್ದೇನೆ. A, B ಎರಡರಲ್ಲೂ 500 ಇದೆ. T1 ಅನ್ನೋ ಟ್ರಾನ್ಸಾಕ್ಷನ್ 100ನ್ನು A ಇಂದ B ಗೆ ಸಾಗಿಸುತ್ತದೆ, T2 ಎರಡನ್ನೂ ಕೂಡಿಸುತ್ತದೆ. 1000 ಬರಬೇಕು, ಆಗಾಗ 900 ಬರುತ್ತಿದೆ. ಟೂ-ಫೇಸ್ ಲಾಕಿಂಗೇ ಮಾಡಿದ್ದೇನೆ, ಇನ್ನೇನು ಬೇಕು?

ರಾತ್ರಿಪಾಳಿ: ಡೆಡ್‌ಲಾಕ್ ಇರಬೇಕು. ಟೈಮ್‌ಔಟ್ ಜಾಸ್ತಿ ಮಾಡಿ.

ಹೊಸಪುಟ: ಮಾಡಿದೆ. ಅದೇ 900.

ರಾತ್ರಿಪಾಳಿ: ಯಾರು ಯಾರಿಗೆ ಕಾಯುತ್ತಿದ್ದಾರೆ ಅಂತ ಗ್ರಾಫ್ ಬರೆದು ನೋಡಿ. ನನಗಂತೂ ಡೆಡ್‌ಲಾಕೇ ಅನ್ನಿಸುತ್ತದೆ.

ಕೀಲಿಕೈ: ಡೆಡ್‌ಲಾಕ್ ಆದರೆ ಎರಡೂ ನಿಂತುಬಿಡುತ್ತವೆ, ತಪ್ಪು ಉತ್ತರ ಬರಲ್ಲ. ಲಾಕ್ ಬಿಡೋದು ಯಾವಾಗ ಅಂತ ಹೇಳೇ ಇಲ್ಲವಲ್ಲ. T1 ಕೋಡ್ ಹಾಕಿ.

ಹೊಸಪುಟ:
```
lock-X(A); A = A - 100; unlock(A)
lock-X(B); B = B + 100; unlock(B)
```

ಕೀಲಿಕೈ: ಇಲ್ಲೇ ಇದೆ ನೋಡಿ. ಟೂ-ಫೇಸ್ ಅಂದರೆ ಒಂದು ಲಾಕ್ ಬಿಟ್ಟ ಮೇಲೆ ಇನ್ನೊಂದು ಹಿಡಿಯೋ ಹಾಗಿಲ್ಲ. ನಡುವಿನ ಸಂದಿಯಲ್ಲಿ T2 ನುಗ್ಗಿ A 400, B 500 ಅಂತ ಓದಿದೆ. A ವಿಷಯದಲ್ಲಿ T1 ಮೊದಲು, B ವಿಷಯದಲ್ಲಿ T2 ಮೊದಲು ಆಯ್ತು. ಒಂದಾದ ಮೇಲೆ ಒಂದು ಓಡಿಸಿದರೆ ಹೀಗಾಗೋಕೆ ಸಾಧ್ಯವೇ ಇಲ್ಲ. `lock-X(B)` ಅನ್ನು `unlock(A)` ಗಿಂತ ಮುಂಚೆ ತನ್ನಿ. ಆಗ ಪ್ರತಿ ಟ್ರಾನ್ಸಾಕ್ಷನ್‌ಗೂ ಎಲ್ಲ ಲಾಕ್ ಕೈಯಲ್ಲಿರೋ ಒಂದು ಕ್ಷಣ ಇರುತ್ತದೆ. ಮುಗಿದವುಗಳನ್ನು ಆ ಕ್ಷಣಗಳ ಸಾಲಿನಲ್ಲಿ ಜೋಡಿಸಿದರೆ ಅದೇ ಸೀರಿಯಲ್ ಕ್ರಮ. ಡಿಕ್ಕಿ ಹೊಡೆಯೋ ಎರಡರಲ್ಲಿ ಹಿಂದಿನದು ಬಿಟ್ಟ ಮೇಲೇ ಮುಂದಿನದಕ್ಕೆ ಸಿಗೋದು, ಹಾಗಾಗಿ ಸುತ್ತಿ ವಾಪಸ್ ಬರೋ ದಾರಿಯೇ ಇಲ್ಲ.

ಮರಳುಗಡಿಯಾರ: ಇಷ್ಟೆಲ್ಲ ಯಾಕೆ? ನಾನು PostgreSQL ನಲ್ಲಿ `SERIALIZABLE` ಇಟ್ಟಿದ್ದೇನೆ. ಓದುವವರು ಬರೆಯುವವರಿಗೆ ಕಾಯೋದೇ ಇಲ್ಲ.

ಕೀಲಿಕೈ: ಅದು 9.1 ರಿಂದ ಬೇರೆ ವಿಧಾನ, ಅಪಾಯ ಕಂಡರೆ ಒಂದನ್ನು ರದ್ದು ಮಾಡುತ್ತದೆ. ಅವರು ಕೇಳಿದ್ದು ಲಾಕ್ ಬಗ್ಗೆ.

ಹೊಸಪುಟ: ಸರಿಯಾಯ್ತು, ಸಾವಿರ ಸಲ ಓಡಿಸಿದೆ! ಆದರೆ T1 ಅನ್ನು ಅರ್ಧದಲ್ಲಿ ರದ್ದು ಮಾಡಿದರೆ ಮತ್ತೆ 900.

ಕೀಲಿಕೈ: A ಗೆ 400 ಬರೆದು ಲಾಕ್ ಬಿಟ್ಟಿರಿ, T2 ಅದನ್ನು ಓದಿತು. ಆಮೇಲೆ B ಗೆ ಬರೆಯೋ ಮುಂಚೆ T1 ರದ್ದಾಯ್ತು. A ಮತ್ತೆ 500 ಆಗುತ್ತದೆ, ಅದನ್ನು ಬರೆಯುವಾಗ T1 ಕೈಯಲ್ಲಿ A ಲಾಕೇ ಇಲ್ಲ! T2 ಆಗಲೇ ಕಮಿಟ್ ಆಗಿದ್ದರೆ ಏನೂ ಮಾಡೋಕಾಗಲ್ಲ. ಅದಕ್ಕೇ ಸ್ಟ್ರಿಕ್ಟ್: ಬರೆಯೋ ಲಾಕ್‌ಗಳನ್ನು ಕಮಿಟ್ ಅಥವಾ ರದ್ದು ಆಗೋವರೆಗೂ ಬಿಡಬೇಡಿ.

ರಾತ್ರಿಪಾಳಿ: ಓದೋ ಲಾಕ್ ಕೂಡ ಬಿಡಬಾರದು. ಅದೇ ಸ್ಟ್ರಿಕ್ಟ್.

ಕೀಲಿಕೈ: ಅದು ರಿಗರಸ್. ಸ್ಟ್ರಿಕ್ಟ್‌ಗೆ ಬರೆಯೋದು ಸಾಕು. ಆದರೆ ಇನ್ನು ಮುಂದೆ ಲಾಕ್ ಬೇಡ ಅಂತ ಸಿಸ್ಟಮ್‌ಗೆ ಮೊದಲೇ ಗೊತ್ತಿರಲ್ಲ, ಹಾಗಾಗಿ ಎಲ್ಲವನ್ನೂ ಹಿಡಿದಿಡೋದೇ ಸುಲಭ.

ರಾತ್ರಿಪಾಳಿ: ನಮ್ಮಲ್ಲಿ ಎಲ್ಲರೂ ಅದನ್ನೇ ಸ್ಟ್ರಿಕ್ಟ್ ಅಂತಾರೆ.

ಹೊಸಪುಟ: ಎಲ್ಲವನ್ನೂ ಹಿಡಿದಿಟ್ಟೆ, 900 ಹೋಯ್ತು. ಈಗ ಕೆಲವು ಸಲ ಎರಡೂ ಸುಮ್ನೆ ನಿಂತುಬಿಡುತ್ತವೆ. T2 ಮೊದಲು B ಓದೋ ಹಾಗೆ ಈಗ ಬದಲಾಯಿಸಿದ್ದೇನೆ, ಅದನ್ನು ಹೇಳಿರಲಿಲ್ಲ ಅಲ್ವಾ?

ರಾತ್ರಿಪಾಳಿ: ಇದು ಡೆಡ್‌ಲಾಕ್! ಗ್ರಾಫ್ ಬರೆಯಿರಿ.

ಕೀಲಿಕೈ: ಹೌದು, ಈಗ ಅದೇ. ಸ್ಟ್ರಿಕ್ಟ್ ಇದನ್ನು ತಡೆಯಲ್ಲ. ಎರಡೂ A, B ಕ್ರಮದಲ್ಲೇ ಹಿಡಿಯಲಿ, ಇಲ್ಲ ಅಂದರೆ ಒಂದನ್ನು ರದ್ದು ಮಾಡಬೇಕು.

ಹೊಸಪುಟ: ಯಾವುದನ್ನು?