ಮೊದಲ ಉತ್ತರದ ಪ್ರಭಾವ ಎರಡನೆಯದಕ್ಕೂ ಅಂಟದಂತೆ ತಿದ್ದುವುದು ಹೇಗೆ?

ಚಿಂತಾಮಣಿಯ ಶಿಕ್ಷಕಿ: ಹತ್ತನೇ ತರಗತಿ ಸಮಾಜ ವಿಜ್ಞಾನ, 40 ಪತ್ರಿಕೆ. ಮೊದಲ ಉತ್ತರ ಚೆನ್ನಾಗಿದ್ದರೆ ಮುಂದಿನದಕ್ಕೂ ಕೈ ಧಾರಾಳವಾಗುತ್ತೆ. ನೀವೆಲ್ಲ ಹೇಗೆ ತಿದ್ದುತ್ತೀರಿ?

ಕೋಲಾರದ ಮೇಷ್ಟ್ರು: ಹೆಸರಿರೋ ಪುಟ ಮಡಚಿಬಿಡಿ ಮೇಡಂ. ಯಾರ ಪತ್ರಿಕೆ ಅಂತ ಗೊತ್ತಾಗದಿದ್ದರೆ ಪಕ್ಷಪಾತಕ್ಕೆ ಜಾಗವೇ ಇಲ್ಲ.

ತುಮಕೂರಿನ ನಿವೃತ್ತ ಮೌಲ್ಯಮಾಪಕಿ: ಮಡಚೋದು ಒಳ್ಳೇದೇ ಸರ್, ಆದರೆ ಅರ್ಧ ಕೆಲಸ. ನಮ್ಮ ಮಕ್ಕಳ ಅಕ್ಷರ ನಮಗೆ ಗೊತ್ತಿರುತ್ತೆ. ಗೊತ್ತಿಲ್ಲದಿದ್ದರೂ ಮೊದಲ ಉತ್ತರವೇ ಆ ಮಗುವಿನ ಪರಿಚಯ ಮಾಡಿಕೊಟ್ಟುಬಿಡುತ್ತೆ. ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳಿಗೆ 4 ಅಂಕ ಅಂದುಕೊಳ್ಳಿ. ಹುಡುಗಿ ಬರೆದಿದ್ದು ಎರಡೇ: ಆಸ್ಥಾನದಲ್ಲಿ ರೆಸಿಡೆಂಟ್, ಸೈನ್ಯದ ಖರ್ಚು ರಾಜನದು. ಉಳಿದಿದ್ದು "ರಾಜರು ಅಡಿಯಾಳಾದರು" ಅನ್ನೋ ಚೆಂದದ ಮಾತು. ಹಿಂದಿನ ಪ್ರಶ್ನೆಗೆ ಪೂರ್ತಿ 4 ಬಂದಿದ್ದರೆ "ಗೊತ್ತಿದೆ, ಬರೆಯೋದು ಮರೆತಿದ್ದಾಳೆ" ಅಂತ 3 ಹಾಕ್ತೀವಿ. ಹಿಂದಿನದಕ್ಕೆ 1 ಬಂದಿದ್ದರೆ ಅದೇ ಉತ್ತರಕ್ಕೆ ಒಂದೂವರೆ. ಸಿಗಬೇಕಾದ್ದು 2.

ಅದಕ್ಕೆ ಪತ್ರಿಕೆ ಪತ್ರಿಕೆಯಾಗಿ ತಿದ್ದಬೇಡಿ, ಪ್ರಶ್ನೆ ಪ್ರಶ್ನೆಯಾಗಿ ತಿದ್ದಿ. 40 ಪತ್ರಿಕೆಯ ಮೊದಲ ಪ್ರಶ್ನೆ ಮುಗಿಸಿ, ಅಂಕವನ್ನು ಪತ್ರಿಕೆ ಮೇಲಲ್ಲ, ಬೇರೆ ಹಾಳೆಯಲ್ಲಿ ಬರೆಯಿರಿ. ಕಟ್ಟನ್ನು ಕಲಸಿ ಎರಡನೇ ಪ್ರಶ್ನೆಗೆ ಹೋಗಿ. ಕಲಸದಿದ್ದರೆ ತುಂಬ ಚೆನ್ನಾಗಿ ಬರೆದವರ ಹಿಂದೆ ಬರೋ ಸಾಧಾರಣ ಮಗುವಿಗೆ ಪ್ರತಿ ಸಲವೂ ಏಟು. ಪ್ರತಿ ಪ್ರಶ್ನೆ ಮುಗಿದಾಗ ಮೊದಲ ಐದನ್ನು ಮತ್ತೆ ನೋಡಿ, ಅಷ್ಟರಲ್ಲಿ ನಮ್ಮ ಅಳತೆಯೇ ಸರಿದಿರುತ್ತೆ.

ಒಂದು ಎಚ್ಚರಿಕೆ: ಹೀಗೆ ತಿದ್ದಿದರೆ ಒಂದೇ ಮಗುವಿಗೆ ಒಂದರಲ್ಲಿ 4, ಇನ್ನೊಂದರಲ್ಲಿ 1 ಬರೋದು ಜಾಸ್ತಿಯಾಗುತ್ತೆ. ತಪ್ಪಾಯ್ತೇನೋ ಅನ್ನಿಸುತ್ತೆ. ಮೊದಲಿದ್ದ ಹೊಂದಾಣಿಕೆ ನಮ್ಮ ಕೈಯದು, ಮಗುವಿನದಲ್ಲ.

ವಸಂತನರಸಾಪುರದಿಂದ ಒಬ್ಬರು: ಸಂದರ್ಶನದ ಬಗ್ಗೆ ತಾನೇ ಕೇಳಿರೋದು? ನಮ್ಮ ಕಾರ್ಖಾನೆಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕು. ಹಳೇ ಸಂಬಳ ಕೇಳಿದ ಮೇಲೆ ಅದರ ಸುತ್ತಲೇ ಮಾತು ತಿರುಗುತ್ತೆ.

ಮೌಲ್ಯಮಾಪಕಿ: ಕೇಳಿದ್ದು ಪತ್ರಿಕೆ ಬಗ್ಗೆ ಅಣ್ಣ, ಆದರೆ ಬೇರು ಒಂದೇ. ಅರ್ಜಿ ತೆರೆಯೋ ಮುಂಚೆ ಸಂಬಳದ ಮಿತಿ ಬರೆದಿಡಿ, ಹಳೇದನ್ನು ಕೇಳಲೇಬೇಡಿ. 1950ರ ದಶಕದಲ್ಲಿ ಇಸ್ರೇಲ್ ಸೈನ್ಯಕ್ಕಾಗಿ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮಾಡಿದ ಸಂದರ್ಶನ ಕ್ರಮದಲ್ಲಿ ಆರು ಗುಣಗಳಿದ್ದವು. ಒಂದಕ್ಕೆ ಅಂಕ ಹಾಕಿದ ಮೇಲೇ ಇನ್ನೊಂದಕ್ಕೆ ಹೋಗಬೇಕು. ನಿಮಗೆ ವರ್ನಿಯರ್ ಓದೋದು, ಡ್ರಾಯಿಂಗ್ ಓದೋದು, ದೋಷ ವರದಿ ಬರೆಯೋದು ಸಾಕು. ಜೊತೆಗಿರುವವರ ಅಂಕ ಕೊನೆವರೆಗೂ ಕೇಳಬೇಡಿ.

ಕೋಲಾರದ ಮೇಷ್ಟ್ರು: ಒಪ್ಪಿದೆ. ಹಾಗಾದ್ರೆ ಎರಡನೇ ಸಲ ತಿದ್ದುವವರಿಗೂ ಮೊದಲಿನವರ ಅಂಕ ಕಾಣಬಾರದು. 3 ಅಂತ ಕಂಡರೆ ಯಾರೂ 1 ಹಾಕಲ್ಲ.

ಚಿಂತಾಮಣಿಯ ಶಿಕ್ಷಕಿ: ಬೇರೆ ಹಾಳೆ ಇಂದೇ ಶುರು. ಆದರೆ ಅಕ್ಷರ ಅಂದವಾಗಿದ್ದರೆ ಪ್ರಶ್ನೆವಾರು ತಿದ್ದಿದರೂ ಕೈ ಜಾರುತ್ತಲ್ಲ ಅಕ್ಕ?

ಮೌಲ್ಯಮಾಪಕಿ: ಜಾರುತ್ತೆ. ಅಂಶ ಎಣಿಸಿ ಟಿಕ್ ಹಾಕಿದರೆ ಕಡಿಮೆಯಾಗುತ್ತೆ, ನಿಲ್ಲಲ್ಲ. ಪ್ರಬಂಧದಲ್ಲಂತೂ ಎಣಿಸೋಕೆ ಅಂಶಗಳೇ ಸಿಗಲ್ಲ. ಕನ್ನಡ ಮೇಷ್ಟ್ರುಗಳು ಯಾರಾದರೂ ಹೇಳಿ.