ಸಹಾಯ ಬೇಕು: ಟ್ರ್ಯಾಕ್ಟರ್ ಮಾಲೀಕರಿಗೆ ರಸೀದಿ ಹೇಗೆ ಬರೆದುಕೊಡುವುದು?

ಎಲ್ಲರಿಗೂ ನಮಸ್ಕಾರ. ಮದ್ದೂರಿನ ಬಳಿ ನಿಂತಿದ್ದ ನನ್ನ ಕಾರಿಗೆ ಕಬ್ಬಿನ ಟ್ರ್ಯಾಕ್ಟರ್ ಹಿಂದಿನಿಂದ ಗುದ್ದಿತು. ರಿಪೇರಿಗೆ 68,000 ರೂಪಾಯಿ ಆಯಿತು. ಸವಕಳಿ 6,000, ಕಡ್ಡಾಯ ಕಡಿತ 1,000 ಕಳೆದು ವಿಮಾ ಕಂಪನಿ 61,000 ಕೊಟ್ಟಿತು. ಆಗ ಸಬ್ರೊಗೇಷನ್ ಪತ್ರಕ್ಕೆ ಸಹಿ ಹಾಕಿದ್ದೇನೆ. ಅಂದರೆ ಆ 61,000ವನ್ನು ಟ್ರ್ಯಾಕ್ಟರ್ ಕಡೆಯವರಿಂದ ವಸೂಲು ಮಾಡುವ ಹಕ್ಕು ಈಗ ಕಂಪನಿಯದು.

ಈಗ ಟ್ರ್ಯಾಕ್ಟರ್ ಮಾಲೀಕರು ನನ್ನ ಕೈಯಿಂದ ಹೋದ 7,000 ಕೊಡಲು ಒಪ್ಪಿದ್ದಾರೆ. ಒಳ್ಳೆಯ ಮನುಷ್ಯರೇ. ಆದರೆ ‘ಇನ್ನು ಯಾರ ತಕರಾರೂ ಇಲ್ಲ’ ಎಂದು ಛಾಪಾ ಕಾಗದದಲ್ಲಿ ಬರೆದುಕೊಡಬೇಕಂತೆ. ಹಾಗೆ ಬರೆದರೆ ಕಂಪನಿಯ ವಸೂಲಿಗೆ ಅಡ್ಡಿಯಾಗಿ, ಅದು ನನ್ನಿಂದಲೇ ಹಣ ವಾಪಸು ಕೇಳಬಹುದು.

‘ವಿಮೆಯಿಂದ ಬಾರದ 7,000ಕ್ಕೆ ಮಾತ್ರ’ ಎಂಬ ರಸೀದಿ ಸಾಕೇ? ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕೇ? ಮಂಡ್ಯದ ವಕೀಲರು, ಸರ್ವೇಯರುಗಳು ದಯವಿಟ್ಟು ತಿಳಿಸಿ.